ಮೇಲ್ ಬಂತು, ಉತ್ತರ ಎಂದಿಗೆ?

ಮಾರ್ಚ್ ತಿಂಗಳ ಕೊನೆಯ ಶನಿವಾರ. ಬೆಳಗಿನ ಏಳು ಗಂಟೆ. ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಹಾಲಿನವನು ಬಂದು ಹೋಗಿದ್ದ, ಸೊಪ್ಪಿನವಳ ಕೂಗು ಇನ್ನೂ ಕೇಳುತ್ತಿತ್ತು. ಎದುರು ಮನೆಯ ಯಜಮಾನರು ಗೇಟಿನ ಬಳಿ ನಿಂತು, “ಸಾರ್, ಒಂದ್ನಿಮಿಷ ಬಂದು ಹೋಗ್ತೀರಾ?” ಎಂದರು. ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಸುಮ್ಮಸುಮ್ಮನೆ ಯಾರನ್ನೂ ಕರೆಯುವವರಲ್ಲ.

ಒಳಗೆ ಹೋದರೆ ಮನೆಯವರೆಲ್ಲ ಮಗಳ ಫೋನಿನ ಸುತ್ತ ಕುಳಿತಿದ್ದಾರೆ. ಕಾಫಿ ಆರಿ ತಣ್ಣಗಾಗಿದೆ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಆ ಹುಡುಗಿಗೆ ರಾತ್ರಿ 2 ಗಂಟೆ 40 ನಿಮಿಷಕ್ಕೆ ಅಮೆರಿಕದ ಪೂರ್ವ ಕರಾವಳಿಯ ಒಂದು ವಿಶ್ವವಿದ್ಯಾಲಯದಿಂದ ಇ-ಮೇಲ್ ಬಂದಿದೆ. ಸ್ನಾತಕೋತ್ತರ ಪದವಿಗೆ ಸೀಟು, ಜೊತೆಗೆ ಬೋಧನಾ ಸಹಾಯಕಿಯ ಕೆಲಸ, ಅದರ ಸಂಬಳ, ಫೀಸಿನಲ್ಲಿ ರಿಯಾಯಿತಿ. ಕೊನೆಯಲ್ಲಿ ಒಂದು ಸಾಲು: ನಿಮ್ಮ ನಿರ್ಧಾರವನ್ನು ಅನುಕೂಲವಾದಷ್ಟು ಬೇಗ ತಿಳಿಸಿರಿ.

“ಬೇಗ ಅಂದರೆ ಈಗಲೇ ಅಲ್ವೇ ಸಾರ್? ಆಗಲೇ ನಾಲ್ಕು ಗಂಟೆ ದಾಟಿಹೋಯ್ತು. ಇವಳು ನೋಡಿದ್ದೇ ಈಗ. ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ?” ಇದು ತಂದೆಯ ಆತಂಕ. “ಒಂದು ದಿನ ತಡೀರಿ, ನಮ್ಮಣ್ಣನನ್ನ ಕೇಳೋಣ” ಎಂಬುದು ತಾಯಿಯ ಮಾತು. ಹುಡುಗಿಯ ಸಂಕಟವೇ ಬೇರೆ. ಅವಳಿಗೆ ಹೆಚ್ಚು ಇಷ್ಟವಾಗಿದ್ದ ಇನ್ನೊಂದು ವಿಶ್ವವಿದ್ಯಾಲಯದಿಂದ ಇನ್ನೂ ಏನೂ ಬಂದಿಲ್ಲ. ಈಗ ಒಪ್ಪಿದರೆ ಅದು ಕೈತಪ್ಪುತ್ತದೆ, ಒಪ್ಪದಿದ್ದರೆ ಇದು ಕೈತಪ್ಪುತ್ತದೆ ಎಂದು ಅವಳ ಕಣ್ಣು ತುಂಬಿತ್ತು.

ಬಂದ ಮೇಲ್‌ಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬರೆಯಬೇಕು? ಈ ಪ್ರಶ್ನೆಯನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಲೇಜಿಗೆ ಹೋಗುವ ಮಕ್ಕಳಿರುವ ಅದೆಷ್ಟೋ ಮನೆಗಳಲ್ಲಿ ಇದು ಊಟ ನಿದ್ದೆ ಕೆಡಿಸುತ್ತದೆ. ಆ ಮನೆಯಲ್ಲಿ ಮುಂದಿನ ಎರಡು ವಾರ ನಡೆದದ್ದನ್ನೇ ಹಿಡಿದು ಈ ಲೆಕ್ಕವನ್ನು ಬಿಡಿಸಿ ನೋಡೋಣ.

ಎರಡು ಊರಿನ ಗಡಿಯಾರ

ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿದ್ದು. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಮೆರಿಕದ ಬಹುಭಾಗದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆ ತಿಂಗಳುಗಳಲ್ಲಿ ನಾವು ಅವರ ಪೂರ್ವ ಕರಾವಳಿಗಿಂತ ಒಂಬತ್ತೂವರೆ ಗಂಟೆ ಮುಂದಿರುತ್ತೇವೆ. ಉಳಿದ ತಿಂಗಳುಗಳಲ್ಲಿ ಹತ್ತೂವರೆ ಗಂಟೆ. ಪಶ್ಚಿಮ ಕರಾವಳಿಯಾದರೆ ಇದಕ್ಕೆ ಇನ್ನೂ ಮೂರು ಗಂಟೆ ಸೇರಿಸಿಕೊಳ್ಳಬೇಕು.

ಈ ಲೆಕ್ಕದಲ್ಲಿ ಕತ್ರಿಗುಪ್ಪೆಯ ಶನಿವಾರ ಮುಂಜಾವಿನ 2 ಗಂಟೆ 40 ನಿಮಿಷ ಅಲ್ಲಿ ಶುಕ್ರವಾರ ಸಂಜೆಯ 5 ಗಂಟೆ 10 ನಿಮಿಷ. ಆಫೀಸಿನ ಗುಮಾಸ್ತೆಯೊಬ್ಬರು ವಾರದ ಕೊನೆಯ ಕೆಲಸವಾಗಿ ಆ ಪತ್ರ ಕಳಿಸಿ, ಕಂಪ್ಯೂಟರ್ ಆರಿಸಿ ಮನೆಗೆ ಹೊರಟಿದ್ದಾರೆ ಎಂದು ಊಹಿಸಬಹುದು. ಅವರು ಮತ್ತೆ ಕುರ್ಚಿಗೆ ಬರುವುದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಅಂದರೆ ನಮ್ಮ ಸೋಮವಾರ ಸಂಜೆ ಆರೂವರೆಗೆ.

ನಾವು ಮಾತಾಡುತ್ತಿದ್ದುದು ಶನಿವಾರ ಬೆಳಿಗ್ಗೆ ಏಳಕ್ಕೆ. ಅಲ್ಲಿಂದ ಸೋಮವಾರ ಸಂಜೆ ಆರೂವರೆಗೆ ಐವತ್ತೊಂಬತ್ತೂವರೆ ಗಂಟೆ. ಅಷ್ಟು ಹೊತ್ತಿನೊಳಗೆ ಹುಡುಗಿ ಯಾವಾಗ ಬರೆದರೂ ಆಕೆಯ ಪತ್ರ ಕಾಯುವುದು ಅದೇ ಪೆಟ್ಟಿಗೆಯಲ್ಲಿ, ಓದಿಸಿಕೊಳ್ಳುವುದು ಅದೇ ಸೋಮವಾರ. ಈಗ ಗಾಬರಿಯಲ್ಲಿ ಬರೆದದ್ದಕ್ಕೂ, ಭಾನುವಾರ ಸಂಜೆ ನಿಧಾನವಾಗಿ ಬರೆದದ್ದಕ್ಕೂ ಅಲ್ಲಿನವರ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಯಜಮಾನರು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು. “ಅಂದರೆ ಇನ್ನೂ ಟಪ್ಪಾ ಒಡೆದೇ ಇಲ್ಲ ಅನ್ನಿ” ಎಂದರು.

ಇದರಿಂದ ಸಿಗುವ ಮೊದಲ ಸೂತ್ರ ಸರಳ. ಉತ್ತರದ ಗಡುವನ್ನು ಎಣಿಸಬೇಕಾದದ್ದು ನಿಮ್ಮ ಫೋನು ಸದ್ದು ಮಾಡಿದ ಹೊತ್ತಿನಿಂದಲ್ಲ. ಕಳಿಸಿದವರ ಕಚೇರಿ ಮುಂದೆ ಯಾವಾಗ ತೆರೆಯುತ್ತದೆ ಎಂಬುದರಿಂದ ಎಣಿಸಬೇಕು.

ಏಪ್ರಿಲ್ 15ರ ಕಟ್ಟುಪಾಡು

ಮುಂದಿನ ಪ್ರಶ್ನೆ, “ಅನುಕೂಲವಾದಷ್ಟು ಬೇಗ” ಎಂಬ ಸಾಲಿನದು. ಪತ್ರವನ್ನು ಪೂರ್ತಿ ಓದಿರೆಂದು ಹುಡುಗಿಗೆ ಹೇಳಿದೆ. ಅವಳು ಮೇಲಿನ ಎರಡು ಪ್ಯಾರಾ, ಕೊನೆಯ ಒಂದು ಸಾಲು ಓದಿ ನಿಲ್ಲಿಸಿದ್ದಳು. ಜೊತೆಗೆ ಲಗತ್ತಿಸಿದ್ದ ಎರಡು ಪುಟದ ಪತ್ರವನ್ನು ತೆರೆದೇ ಇರಲಿಲ್ಲ. ಅದರ ಎರಡನೆಯ ಪುಟದಲ್ಲಿ ಏಪ್ರಿಲ್ 15 ಎಂಬ ದಿನಾಂಕ ಸ್ಪಷ್ಟವಾಗಿ ಇತ್ತು.

ಈ ದಿನಾಂಕ ಆ ಕಾಲೇಜೊಂದರದೇ ಅಲ್ಲ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಒಕ್ಕೂಟದ ಒಂದು ನಿರ್ಣಯವಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ವಿದ್ಯಾರ್ಥಿವೇತನ ಅಥವಾ ಸಹಾಯಕ ಹುದ್ದೆಯಂಥ ಹಣದ ನೆರವನ್ನೊಳಗೊಂಡ ಆಹ್ವಾನವನ್ನು ಕೊಟ್ಟಾಗ, ಏಪ್ರಿಲ್ 15ಕ್ಕೆ ಮೊದಲು ಉತ್ತರಿಸಲೇಬೇಕೆಂದು ವಿದ್ಯಾರ್ಥಿಯನ್ನು ಬಲವಂತ ಮಾಡುವಂತಿಲ್ಲ. ಬೇಗ ತಿಳಿಸಿದರೆ ಸಂತೋಷ ಎನ್ನಬಹುದು, ಅಷ್ಟೇ. ಅವಸರದಲ್ಲಿ ಒಪ್ಪಿಬಿಟ್ಟ ವಿದ್ಯಾರ್ಥಿಗೂ ಏಪ್ರಿಲ್ 15ರವರೆಗೆ ಬರಹದಲ್ಲಿ ತಿಳಿಸಿ ಹಿಂದೆ ಸರಿಯುವ ಅವಕಾಶವಿದೆ. ಆಮೇಲೆ ಮಾತು ತಪ್ಪುವುದು ಮಾತ್ರ ಸುಲಭವಲ್ಲ.

ಇದರ ಮಿತಿಯನ್ನೂ ತಂದೆತಾಯಿಗಳು ತಿಳಿದಿರಬೇಕು. ನಿರ್ಣಯ ಅನ್ವಯಿಸುವುದು ಹಣದ ನೆರವಿರುವ ಆಹ್ವಾನಕ್ಕೆ ಮಾತ್ರ, ಸಹಿ ಹಾಕಿದ ಸಂಸ್ಥೆಗಳಿಗೆ ಮಾತ್ರ. ಸ್ವಂತ ಖರ್ಚಿನಲ್ಲಿ ಓದುವ ಸೀಟಿಗೆ, ಅದನ್ನು ಕಾದಿರಿಸಲು ಕಟ್ಟುವ ಠೇವಣಿಗೆ, ಬೇರೆ ದೇಶಗಳ ಕಾಲೇಜುಗಳಿಗೆ ಇದು ನೆರವಾಗದು. ಅಲ್ಲಿ ಪತ್ರದಲ್ಲಿರುವ ದಿನಾಂಕವೇ ಕೊನೆಯ ಮಾತು. ಇನ್ನೊಂದು ಸಂಗತಿ. ಏಪ್ರಿಲ್ 14 ನಮಗೆ ಅಂಬೇಡ್ಕರ್ ಜಯಂತಿಯ ರಜೆ, ಬ್ಯಾಂಕು ಮುಚ್ಚಿರುತ್ತದೆ. ಅವರಿಗೆ ಅದು ಮಾಮೂಲು ದಿನ. ಹಣ ಕಟ್ಟುವುದಿದ್ದರೆ ನಮ್ಮ ರಜೆಯನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು, ಅವರು ಹಾಕುವುದಿಲ್ಲ.

ತಲುಪಿತು ಎನ್ನುವುದು ಒಂದು, ಒಪ್ಪಿದೆ ಎನ್ನುವುದು ಇನ್ನೊಂದು

“ಹಾಗಾದರೆ ಏಪ್ರಿಲ್ 15ರವರೆಗೂ ಸುಮ್ಮನಿರಬಹುದಾ ಅಂಕಲ್?” ಎಂದಳು ಹುಡುಗಿ. ಬೇಡ ಎಂದೆ. ಅದಕ್ಕೆ ಕಾರಣವನ್ನು ನಾನು ಹೇಳಬೇಕಾಗಲಿಲ್ಲ, ಅವಳ ತಂದೆಯೇ ಹೇಳಿದರು. ಅವರ ಕಾಲದಲ್ಲಿ ರಿಜಿಸ್ಟರ್ಡ್ ಕಾಗದಕ್ಕೆ ಒಂದು ಅಕ್ನಾಲೆಜ್‌ಮೆಂಟ್ ಕಾರ್ಡು ಅಂಟಿಸುತ್ತಿದ್ದರು. ಪಡೆದವರು ಅದರ ಮೇಲೆ ಸಹಿ ಮಾಡಿದರೆ ಕಾರ್ಡು ಕಳಿಸಿದವರಿಗೆ ಹಿಂತಿರುಗುತ್ತಿತ್ತು. ಕಾಗದದೊಳಗೆ ಬರೆದದ್ದಕ್ಕೆ ಪಡೆದವರು ಹೂಂ ಎಂದರೋ ಊಹೂಂ ಎಂದರೋ ಆ ಕಾರ್ಡು ಹೇಳುತ್ತಿರಲಿಲ್ಲ. ಕಾಗದ ಸರಿಯಾದ ಕೈ ಸೇರಿದೆ ಎಂದಷ್ಟೇ ಹೇಳುತ್ತಿತ್ತು. ಕಳಿಸಿದವರ ಅರ್ಧ ಚಿಂತೆ ಅಲ್ಲಿಗೇ ಕಳೆಯುತ್ತಿತ್ತು.

ಇ-ಮೇಲ್‌ನಲ್ಲಿ ಆ ಕಾರ್ಡನ್ನು ನಾವೇ ಬರೆಯಬೇಕು. ಇದು ಹೊಸ ಉಪದೇಶವೇನೂ ಅಲ್ಲ. ನಮ್ಮ ದೇಶದ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಸಂಸ್ಥೆ ಅಂತರಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಎಂಬುವರು ಆರ್‌ಎಫ್‌ಸಿ 1855 ಎಂಬ ಸಂಖ್ಯೆಯ ಒಂದು ಕೈಪಿಡಿಯನ್ನು ಸಿದ್ಧಪಡಿಸಿದರು. ಜಾಲದಲ್ಲಿ ನಡೆದುಕೊಳ್ಳಬೇಕಾದ ರೀತಿನೀತಿಗಳು ಅದರಲ್ಲಿವೆ. ಪತ್ರ ಮುಖ್ಯವಾದದ್ದಾದರೆ ತಲುಪಿತೆಂದು ಚುಟುಕಾಗಿ ಒಡನೆ ತಿಳಿಸಿ, ವಿವರವಾದ ಉತ್ತರವನ್ನು ಆಮೇಲೆ ಬರೆಯಿರಿ ಎಂಬುದು ಅದರಲ್ಲೊಂದು ಸಲಹೆ. ನಿಮ್ಮ ಪತ್ರ ತಲುಪುವ ಹೊತ್ತಿಗೆ ಆಚೆಯವರು ನಿದ್ದೆಯಲ್ಲಿರಬಹುದು, ಅವರು ಎದ್ದು ಕೆಲಸಕ್ಕೆ ಬರುವವರೆಗಾದರೂ ತಾಳಿಕೊಳ್ಳಿ ಎಂಬುದು ಇನ್ನೊಂದು. ಸೈಬರ್ ಕೆಫೆಗೆ ಹೋಗಿ ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು ಮೇಲ್ ನೋಡುತ್ತಿದ್ದ ದಿನಗಳಲ್ಲಿ ಈ ಎರಡನೆಯ ಮಾತನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ವಾರಕ್ಕೆ ಎರಡು ಸಲ ಪೆಟ್ಟಿಗೆ ತೆರೆಯುವವನಿಂದ ಮೂರು ದಿನದೊಳಗೆ ಉತ್ತರ ಬಂದರೆ ಅದೇ ಶೀಘ್ರ. ಫೋನು ಜೇಬಿಗೆ ಬಂದ ಮೇಲೆ ಪತ್ರ ಓದುವುದಕ್ಕೂ ಉತ್ತರಿಸುವುದಕ್ಕೂ ನಡುವೆ ಇದ್ದ ಆ ತೆರಪು ಮಾಯವಾಯಿತು.

ಹುಡುಗಿ ಭಾನುವಾರ ಸಂಜೆ ಬರೆದದ್ದು ನಾಲ್ಕೇ ವಾಕ್ಯ. ಆಹ್ವಾನ ತಲುಪಿದೆ, ವಂದನೆಗಳು. ಮನೆಯವರೊಡನೆ ಆಲೋಚಿಸುತ್ತಿದ್ದೇನೆ. ನಿರ್ಧಾರವನ್ನು ಏಪ್ರಿಲ್ 15ರೊಳಗೆ ಖಂಡಿತ ತಿಳಿಸುತ್ತೇನೆ. ಸಹಾಯಕ ಹುದ್ದೆ ಎರಡನೆಯ ವರ್ಷಕ್ಕೂ ಮುಂದುವರಿಯುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿರಿ.

ಈ ನಾಲ್ಕರಲ್ಲಿ ಮೂರನೆಯದೇ ಮುಖ್ಯ. “ಆದಷ್ಟು ಬೇಗ ತಿಳಿಸುತ್ತೇನೆ” ಎಂದು ಬರೆದಿದ್ದರೆ ಅವಳು ದಿನದಿನವೂ ಬಾಕಿದಾರಳಾಗಿ ಉಳಿಯುತ್ತಿದ್ದಳು. ದಿನಾಂಕ ಹಾಕಿದ ಕೂಡಲೇ ಅಲ್ಲಿನವರು ಆ ದಿನದವರೆಗೆ ಅವಳ ಹೆಸರನ್ನು ಮರೆತು ಬೇರೆ ಕೆಲಸ ನೋಡುತ್ತಾರೆ, ಇವಳೂ ಪರೀಕ್ಷೆಗೆ ಓದಿಕೊಳ್ಳಬಹುದು. ಮಂಗಳವಾರ ರಾತ್ರಿ ಅವರಿಂದ ಉತ್ತರ ಬಂತು. ಅಗತ್ಯ ಅಂಕ ಉಳಿಸಿಕೊಂಡರೆ ಎರಡನೆಯ ವರ್ಷವೂ ಹುದ್ದೆ ಉಂಟು, 15ರವರೆಗೆ ಸಮಯ ತೆಗೆದುಕೊಳ್ಳಿ ಎಂದಿದ್ದರು. ಗದರಿಕೆಯಿರಲಿ, ಅವಸರದ ಸುಳಿವೂ ಅದರಲ್ಲಿರಲಿಲ್ಲ.

ಅವಸರ ಯಾರದು?

ಆ ಮನೆಯಲ್ಲಿ ಕಂಡ ಗಾಬರಿ ಅವರೊಬ್ಬರದೇ ಅಲ್ಲ. ಲಾರಾ ಜುರ್ಜೆ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವನೆಸಾ ಬಾನ್ಸ್ ಎಂಬ ಇಬ್ಬರು ಸಂಶೋಧಕಿಯರು 2021ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧವೊಂದನ್ನು ಪ್ರಕಟಿಸಿದರು. ಎಂಟು ಅಧ್ಯಯನಗಳು, ನಾಲ್ಕು ಸಾವಿರಕ್ಕೂ ಮಿಕ್ಕಿ ಜನ. ಕಚೇರಿಯ ವೇಳೆ ಮುಗಿದ ಮೇಲೆ ಬಂದ, ತುರ್ತಿಲ್ಲದ ಮೇಲ್‌ಗೆ ಎಷ್ಟು ಬೇಗ ಉತ್ತರ ನಿರೀಕ್ಷಿಸುತ್ತೀರಿ ಎಂದು ಕಳಿಸುವವರ ಸ್ಥಾನದಲ್ಲಿದ್ದವರನ್ನು ಕೇಳಿದರು. ಕಳಿಸಿದವರು ಎಷ್ಟು ಬೇಗ ನಿರೀಕ್ಷಿಸುತ್ತಾರೆಂದು ನಿಮ್ಮ ಊಹೆ ಎಂದು ಪಡೆಯುವವರನ್ನು ಕೇಳಿದರು. ಪಡೆಯುವವರ ಊಹೆ ಯಾವಾಗಲೂ ನಿಜಕ್ಕಿಂತ ಅವಸರದ್ದಾಗಿತ್ತು. ಕಳಿಸಿದವನ ಮನಸ್ಸಿನಲ್ಲಿ ಇಲ್ಲದ ತುರ್ತನ್ನು ಪಡೆದವನು ತಾನೇ ಕಲ್ಪಿಸಿಕೊಂಡು ನರಳುತ್ತಾನೆ. ಅದಕ್ಕೆ ಅವರು ಕಂಡ ಮದ್ದೂ ಸರಳವಾದದ್ದೇ. ಇದು ತುರ್ತಲ್ಲ, ಬಿಡುವಾದಾಗ ಉತ್ತರಿಸಿ ಎಂಬ ಒಂದು ಸಾಲನ್ನು ಕಳಿಸುವವರು ಸೇರಿಸಿದರೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಇಳಿಯುತ್ತದೆ.

ಜನ ವಾಸ್ತವವಾಗಿ ಎಷ್ಟು ಬೇಗ ಉತ್ತರಿಸುತ್ತಾರೆ ಎಂಬುದಕ್ಕೂ ಲೆಕ್ಕವಿದೆ. ಯಾಹೂ ಕಂಪನಿಯ ಮೇಲ್ ಬಳಸುತ್ತಿದ್ದ ಇಪ್ಪತ್ತು ಲಕ್ಷ ಜನರ 1,600 ಕೋಟಿ ಪತ್ರಗಳ ಸಮಯವನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ವರದಿ ಮಾಡಿದರು. ಬಂದ ಉತ್ತರಗಳಲ್ಲಿ ಅರ್ಧ ಭಾಗ 47 ನಿಮಿಷದೊಳಗೆ ಬಂದಿದ್ದವು. ನೂರಕ್ಕೆ ತೊಂಬತ್ತು ಒಂದು ದಿನದೊಳಗೆ ಬಂದಿದ್ದವು. ವಾರಾಂತ್ಯದಲ್ಲಿ ಉತ್ತರ ನಿಧಾನ, ಬರಹವೂ ಚಿಕ್ಕದು. ಮನೆಮನೆಯ ಜಗಳಕ್ಕೆ ಕಾರಣವಾದ ಅಂಕಿಯೂ ಅದರಲ್ಲಿತ್ತು. ಹದಿಹರೆಯದವರ ನಡುಮಟ್ಟದ ಸಮಯ 13 ನಿಮಿಷ, ಐವತ್ತು ದಾಟಿದವರದು 47 ನಿಮಿಷ. ತಡಮಾಡುವ ಅಪ್ಪನ ಮೇಲೆ ಮಗ ರೇಗುವುದಕ್ಕೂ, ಹಾರಿ ಉತ್ತರಿಸುವ ಮಗನನ್ನು ಅಪ್ಪ ಗದರುವುದಕ್ಕೂ ಇದರಲ್ಲಿ ಆಧಾರ ಸಿಕ್ಕೀತು.

ಆದರೆ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇಲ್ಲಿ ಎಣಿಸಿದ್ದು ಬಂದ ಉತ್ತರಗಳನ್ನು ಮಾತ್ರ, ಅದೂ ಒಬ್ಬರಿಗೊಬ್ಬರು ಆಗಾಗ ಬರೆದುಕೊಳ್ಳುವವರದನ್ನು. ಪರಿಚಯವೇ ಇಲ್ಲದ ಪ್ರಾಧ್ಯಾಪಕರಿಗೆ ಬೇಸಿಗೆಯ ತರಬೇತಿ ಕೇಳಿ ಬರೆದು, 47 ನಿಮಿಷವಾದರೂ ಉತ್ತರವಿಲ್ಲವೆಂದು ಕೈ ಹೊಸಕಿಕೊಂಡರೆ ಅದು ಲೆಕ್ಕದ ತಪ್ಪು.

ದಸರೆಯ ಲೆಕ್ಕ

ಇಲ್ಲಿಯವರೆಗೆ ಉತ್ತರ ಬರೆಯಬೇಕಾದವರ ಕಷ್ಟ ಹೇಳಿದೆ. ಉತ್ತರಕ್ಕಾಗಿ ಕಾಯುವವರದೂ ಇದೆ. ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಕಾಯುವುದು ತಮ್ಮ ಅಧ್ಯಾಪಕರ ಶಿಫಾರಸು ಪತ್ರಕ್ಕೆ. ಸಾಮಾನ್ಯ ವಿಷಯಕ್ಕೆ ಮೂರು ಕೆಲಸದ ದಿನ ಕಾಯುವುದು ರೂಢಿ. ಕೆಲಸದ ದಿನ ಎಂಬ ಮಾತಿನಲ್ಲೇ ಎಲ್ಲ ಅಡಗಿದೆ.

2025ರ ದಸರೆಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಯೊಬ್ಬ ಸೆಪ್ಟೆಂಬರ್ 30, ಮಂಗಳವಾರ ಸಂಜೆ ಆರಕ್ಕೆ ಅಧ್ಯಾಪಕರಿಗೆ ಬರೆದನೆಂದುಕೊಳ್ಳೋಣ. ಬುಧವಾರ ಆಯುಧಪೂಜೆ. ಗುರುವಾರ ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ. ಶುಕ್ರವಾರ ಮೊದಲ ಕೆಲಸದ ದಿನ, ಊರಿಗೆ ಹೋದವರು ಅಂದೂ ಬಂದಿರಲಾರರು. ಶನಿವಾರ, ಭಾನುವಾರ ಬಿಡಿ. ಸೋಮವಾರ ಎರಡನೆಯದು. ಅಕ್ಟೋಬರ್ 7, ಮಂಗಳವಾರ ವಾಲ್ಮೀಕಿ ಜಯಂತಿಯ ರಜೆ. ಬುಧವಾರ ಮೂರನೆಯದು. ನೆನಪಿನ ಪತ್ರ ಬರೆಯುವ ದಿನ ಬಂದದ್ದು ಅಕ್ಟೋಬರ್ 9, ಗುರುವಾರ. ವಿದ್ಯಾರ್ಥಿಯ ಲೆಕ್ಕದಲ್ಲಿ ಒಂಬತ್ತು ದಿನ ಕಳೆದಿದೆ, ಮೇಷ್ಟ್ರು ತನ್ನನ್ನು ಕಡೆಗಣಿಸಿದ್ದಾರೆ. ಮೇಷ್ಟ್ರ ಲೆಕ್ಕದಲ್ಲಿ ಮೂರು ದಿನ, ಅದರಲ್ಲೂ ಮೊದಲ ದಿನ ರಜೆಯಲ್ಲಿ ಗುಡ್ಡೆಬಿದ್ದ ಕೆಲಸಕ್ಕೇ ಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಮೆರಿಕದಲ್ಲಿಯೂ ಇಂಥ ಗುಂಡಿಗಳಿವೆ. ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮರುದಿನವೂ ಕೆಲಸ ನಡೆಯುವುದು ಅಪರೂಪ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅನೇಕ ಕ್ಯಾಂಪಸ್‌ಗಳು ಬಾಗಿಲು ಹಾಕಿರುತ್ತವೆ. ಅರ್ಜಿಯ ಕೊನೆಯ ದಿನಗಳು ಡಿಸೆಂಬರ್ ಮತ್ತು ಜನವರಿಯ ಆರಂಭದಲ್ಲೇ ಹೆಚ್ಚು. ಅಂಕಪಟ್ಟಿ ಮುಟ್ಟಿತೇ ಎಂದು ಡಿಸೆಂಬರ್ 24ಕ್ಕೆ ಕೇಳಿದವನಿಗೆ ಉತ್ತರ ಬರುವುದು ಜನವರಿಯಲ್ಲೇ. ಇಲ್ಲಿ ನಮ್ಮ ಅಧ್ಯಾಪಕರಿಗೂ ಅದೇ ಸಮಯಕ್ಕೆ ಪರೀಕ್ಷೆ, ಮೌಲ್ಯಮಾಪನ. ಆದ್ದರಿಂದ ಶಿಫಾರಸು ಪತ್ರವನ್ನು ಕೊನೆಯ ದಿನಕ್ಕೆ ಮೂರು ನಾಲ್ಕು ವಾರ ಮೊದಲೇ ಕೇಳಿ, ಕೊನೆಯ ದಿನಾಂಕವನ್ನು ಪತ್ರದ ವಿಷಯದ ಸಾಲಿನಲ್ಲೇ ಬರೆಯಬೇಕು. ನೆನಪಿಸುವಾಗ ಹೊಸ ಪತ್ರ ಬೇಡ. ಹಳೆಯ ಪತ್ರಕ್ಕೇ ಉತ್ತರದಂತೆ ಎರಡು ಸಾಲು ಸೇರಿಸಿ. ಮೇಷ್ಟ್ರು ಹಿಂದಿನದನ್ನು ಹುಡುಕುವ ತೊಂದರೆ ತಪ್ಪುತ್ತದೆ.

ಕಾಯುವಾಗ ಪತ್ರ ತಲುಪಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಸಾಮಾನ್ಯವಾಗಿ ನಿಮಿಷಗಳಲ್ಲೇ Mail Delivery Subsystem ಎಂಬ ಹೆಸರಿನಿಂದ ಪತ್ರ ವಾಪಸು ಬರುತ್ತದೆ. ಆದರೆ ಆಚೆಯ ಯಂತ್ರ ತಾತ್ಕಾಲಿಕವಾಗಿ ಕೆಟ್ಟಿದ್ದರೆ ಹಾಗಾಗದು. ನಮ್ಮ ಕಡೆಯ ಯಂತ್ರ ಬಿಡದೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಮೇಲ್ ಸಾಗಣೆಯ ನಿಯಮದಲ್ಲಿ ಇದಕ್ಕೆ ನಾಲ್ಕೈದು ದಿನಗಳ ಅವಧಿ ಹೇಳಿದೆ. ಮೊದಲ ದಿನ ಪತ್ರ ವಾಪಸು ಬರಲಿಲ್ಲ ಎಂದ ಮಾತ್ರಕ್ಕೆ ತಲುಪಿದೆ ಎನ್ನುವಂತಿಲ್ಲ. ಹಾಗಾಗಿ ಎರಡನೆಯ ನೆನಪಿನ ಪತ್ರಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯದನ್ನು ಬರೆಯುವ ಬದಲು ಫೋನು ಮಾಡುವುದು ಅಥವಾ ಸ್ಟಾಫ್ ರೂಮಿನ ಬಾಗಿಲಿಗೆ ಹೋಗುವುದು ಲೇಸು.

ಪರೀಕ್ಷೆಯ ದಿನಗಳಲ್ಲಿ

ಎದುರು ಮನೆಯ ಹುಡುಗಿಯ ಸೋದರಮಾವನ ಮಗನಿಗೆ ಹಿಂದಿನ ವರ್ಷ ಇದಕ್ಕೆ ವ್ಯತಿರಿಕ್ತವಾದ ಪೆಟ್ಟು ಬಿದ್ದಿತ್ತು. ಪರೀಕ್ಷೆಯಿದೆಯೆಂದು ಅವನು ಹನ್ನೆರಡು ದಿನ ಮೇಲ್ ತೆರೆಯಲಿಲ್ಲ. ತಾಯಿ ಮೆಚ್ಚಿ ಎಲ್ಲರಲ್ಲೂ ಹೇಳಿಕೊಂಡಿದ್ದರು. ಹದಿಮೂರನೆಯ ದಿನ ತೆರೆದಾಗ, ಬೇಸಿಗೆಯ ತರಬೇತಿಗೆ ಆಯ್ಕೆಯಾಗಿದ್ದೀರಿ, ಒಂದು ವಾರದೊಳಗೆ ಒಪ್ಪಿಗೆ ತಿಳಿಸಿ ಎಂಬ ಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿತ್ತು. ಗಡುವು ಕಳೆದಿತ್ತು, ಜಾಗ ಬೇರೊಬ್ಬರ ಪಾಲಾಗಿತ್ತು. ಅವಸರಪಡಬೇಡಿ ಎಂದರೆ ನೋಡಲೇಬೇಡಿ ಎಂದರ್ಥವಲ್ಲ.

ನೋಡುವುದು ಬೇರೆ, ಉತ್ತರಿಸುವುದು ಬೇರೆ. ಪರೀಕ್ಷೆಯ ಕಾಲದಲ್ಲಿ ದಿನಕ್ಕೆ ಒಂದು ಸಲ, ಓದು ಮುಗಿದ ಮೇಲೆ ಹತ್ತು ನಿಮಿಷ ನೋಡಿದರೆ ಸಾಕು. ದಿನಾಂಕವಿರುವ ಪತ್ರವನ್ನು ಮಾತ್ರ ಆರಿಸಿ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದು, ಉಳಿದದ್ದನ್ನು ಬಿಡಬಹುದು. ಸ್ಪ್ಯಾಮ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆಯಾದರೂ ತೆರೆಯಬೇಕು. ಜಿಮೇಲ್‌ನಲ್ಲಿ ಅಲ್ಲಿಗೆ ಬಿದ್ದ ಪತ್ರ 30 ದಿನದ ಬಳಿಕ ತಾನಾಗಿ ಅಳಿಸಿಹೋಗುತ್ತದೆ.

ಪೂರ್ತಿ ಬಿಡುವೇ ಇಲ್ಲದಿದ್ದರೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ Vacation responder ಎಂಬ ಸೌಲಭ್ಯವಿದೆ. ಇಂಥ ದಿನದವರೆಗೆ ಪರೀಕ್ಷೆಯಿದೆ, ಅದಾದ ಮರುದಿನ ಉತ್ತರಿಸುತ್ತೇನೆ, ತುರ್ತಾದರೆ ಫೋನು ಮಾಡಿ ಎಂದು ಬರೆದಿಟ್ಟರೆ ಬಂದ ಪತ್ರಗಳಿಗೆ ಅದೇ ಜವಾಬು ಹೋಗುತ್ತದೆ. ಒಬ್ಬರೇ ಪದೇಪದೇ ಬರೆದರೆ ನಾಲ್ಕು ದಿನಕ್ಕೊಮ್ಮೆ ಮಾತ್ರ ಕಳಿಸುತ್ತದೆ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರಕ್ಕೆ ಕಳಿಸುವುದೇ ಇಲ್ಲ. ಆ ಹುಡುಗನನ್ನು ಇದೂ ಕಾಪಾಡುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಇನ್ನೊಂದು ಎಚ್ಚರ, ಕಾಲೇಜು ಕೊಟ್ಟ ಮೇಲ್ ವಿಳಾಸದ್ದು. ಎಷ್ಟೋ ಕಾಲೇಜುಗಳು ಪದವಿ ಮುಗಿದ ಮೇಲೆ ಅದನ್ನು ಮುಚ್ಚುತ್ತವೆ. ಮೇ ತಿಂಗಳಲ್ಲಿ ಬರಬೇಕಾದ ಪತ್ರಕ್ಕೆ ಆ ವಿಳಾಸ ಕೊಟ್ಟವರು ಎಷ್ಟು ಚುರುಕಾಗಿದ್ದರೂ ಉತ್ತರಿಸಲಾರರು.

ಮಕ್ಕಳು ಕೆಲಸಕ್ಕೆ ಸೇರಿದ ಮೇಲೆ ಭಾನುವಾರದ ಊಟದ ನಡುವೆ ಆಫೀಸಿನ ಮೇಲ್ ಬರುವುದನ್ನು ತಂದೆತಾಯಿಗಳು ಕಂಡಿರುತ್ತಾರೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, ದೊಡ್ಡ ಸಂಸ್ಥೆಗಳು ಇದರ ಮಿತಿಯನ್ನು ನೌಕರರೊಡನೆ ಮಾತಾಡಿ ಗೊತ್ತುಮಾಡಬೇಕೆಂಬ ಕಾನೂನಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ವೇಳೆಯಾಚೆ ಬಂದದ್ದಕ್ಕೆ ಉತ್ತರಿಸದಿರುವ ಹಕ್ಕು ನೌಕರನಿಗಿದೆ, ನಿರಾಕರಣೆ ನ್ಯಾಯವಲ್ಲದಾಗ ಮಾತ್ರ ಅದು ನಡೆಯದು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು, ಅದು ಕಾಯಿದೆಯಾಗಲಿಲ್ಲ. ಆದ್ದರಿಂದ ಹೊಸದಾಗಿ ಕೆಲಸಕ್ಕೆ ಸೇರುವವರು ಮೊದಲ ವಾರದಲ್ಲೇ ಮೇಲಧಿಕಾರಿಯನ್ನು ಕೇಳಿಬಿಡುವುದು ಒಳ್ಳೆಯದು: ರಜೆಯ ದಿನ ನಿಜವಾಗಿ ತುರ್ತಿದ್ದರೆ ಫೋನು ಮಾಡುತ್ತೀರೋ, ಮೇಲ್ ಕಳಿಸುತ್ತೀರೋ? ಫೋನು ಎಂದರೆ ಭಾನುವಾರದ ಮೇಲ್ ಸೋಮವಾರದವರೆಗೆ ಕಾಯಬಹುದು.

ಬೇಗ ಹೋಗಬೇಕಾದ ಪತ್ರ

ಏಪ್ರಿಲ್ 9ರ ರಾತ್ರಿ ಎರಡನೆಯ ವಿಶ್ವವಿದ್ಯಾಲಯದ ಪತ್ರವೂ ಬಂತು. ಅಲ್ಲಿಯೂ ಸೀಟು, ಅಲ್ಲಿಯೂ ಸಹಾಯಕಿಯ ಕೆಲಸ. ಮಾರನೆಯ ದಿನ ಮನೆಯಲ್ಲಿ ಚರ್ಚೆಯಾಗಿ, ಹುಡುಗಿ ಅದನ್ನೇ ಒಪ್ಪಿ ಬರೆದಳು. ಸಂಭ್ರಮದಲ್ಲಿ ಮೊದಲನೆಯವರಿಗೆ ಬರೆಯುವುದು ಹಿಂದೆ ಬಿತ್ತು. “ಬೇಡ ಅನ್ನೋದಕ್ಕೆ ಏನು ಅವಸರ? 15ರ ತನಕ ಟೈಮ್ ಇದೆಯಲ್ಲ” ಎಂದರು ತಾಯಿ. ಒಳ್ಳೆಯದಾಗಿ ನಡೆದುಕೊಂಡವರಿಗೆ ಇಲ್ಲ ಎನ್ನಲು ಹುಡುಗಿಗೂ ನಾಚಿಕೆ.

ಆಗ ಮಾತಾಡಿದವರು ಯಜಮಾನರೇ. “ನೋಡು ಪುಟ್ಟಿ, ನೀನು ಬಿಟ್ಟ ಸೀಟಿಗೆ ಅವರ ಹತ್ತಿರ ಇನ್ನೊಂದು ಪಟ್ಟಿ ಇರತ್ತೆ. ಅದರಲ್ಲಿ ಮೊದಲನೇ ಹೆಸರಿನ ಮಗುವೂ ಎಲ್ಲೋ ಹೀಗೇ ಫೋನು ಹಿಡಿದು ಕೂತಿರತ್ತೆ. ನಿನ್ನ ಕಾಗದ ಹೋಗೋವರೆಗೂ ಅದಕ್ಕೆ ಕಾಗದ ಬರಲ್ಲ” ಎಂದರು.

ಎರಡು ವಾರ ನಾವು ಹಾಕಿದ ಲೆಕ್ಕದಲ್ಲಿ ಈ ಒಂದು ಪತ್ರಕ್ಕೆ ಮಾತ್ರ ಕಾಯುವ ಕಾರಣವಿರಲಿಲ್ಲ. ಒಪ್ಪಿಗೆಗೆ ಆಲೋಚನೆ ಬೇಕು, ಪ್ರಶ್ನೆಗೆ ವಿವರ ಬೇಕು, ಅವಕ್ಕೆ ಸಮಯ ಸಲ್ಲುತ್ತದೆ. ತೀರ್ಮಾನವಾದ ನಿರಾಕರಣೆ ತಡವಾದಷ್ಟೂ ನಷ್ಟ ಇನ್ನೊಬ್ಬರಿಗೆ. ಅಂದು ಶುಕ್ರವಾರ. ನಮ್ಮಲ್ಲಿ ಸಂಜೆ ಆರು, ಅಲ್ಲಿ ಬೆಳಗಿನ ಎಂಟೂವರೆ. ಹುಡುಗಿ ಕುಳಿತು ಮೂರು ಸಾಲು ಬರೆದು ಕಳಿಸಿದಳು. ಅರ್ಧ ಗಂಟೆಯಲ್ಲಿ ಅಲ್ಲಿ ಆಫೀಸು ತೆರೆಯುತ್ತಿತ್ತು. ಪಟ್ಟಿಯಲ್ಲಿದ್ದ ಆ ಮತ್ತೊಂದು ಮಗು ಇನ್ನೊಂದು ಶನಿವಾರ, ಭಾನುವಾರ ಕಾಯುವುದು ತಪ್ಪಿತು.